ಅಜ್ಜಿಯ ಪಾದ ನೆಲಕ್ಕೆ ತಾಗಿದ ಬಗೆ

“ಇವಳು ನಿಂತಿಲ್ಲ ಕಣಪ್ಪ. ಯಾರೋ ಎತ್ತಿ ಹಿಡಿದಂಗಿದೆ.”

ಅಜ್ಜ ಹೇಳಿದ್ದು ಇಷ್ಟೇ. ಫೋಟೊವನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಅರಸೀಕೆರೆ ಕಡೆಯ ಒಂದು ಹಳ್ಳಿಯಿಂದ ಅವರನ್ನು ಸೊಸೆಯೇ ಕರೆದುಕೊಂಡು ಬಂದಿದ್ದಳು. ಹೊಸ ಮನೆಯ ಗೃಹಪ್ರವೇಶದ ದಿನ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರ ಅದು. ಮನೆ ಆಗಬೇಕೆಂದು ಹಂಬಲಿಸಿದ್ದ ಅಜ್ಜಿ ಒಂದೂವರೆ ವರ್ಷದ ಹಿಂದೆ ತೀರಿಕೊಂಡಿದ್ದರು. “ನಮ್ಮತ್ತೆ ಒಬ್ಬರನ್ನ ಸೇರಿಸಿಕೊಡಿ ಅಣ್ಣ” ಎಂದು ಸೊಸೆ ಕೇಳಿದ್ದಳು. ಸಾಲಿನ ಬಲತುದಿಯಲ್ಲಿ ಅಜ್ಜ ನಿಂತಿದ್ದರು. ಅವರ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿದಿತ್ತು. ಬೇಕೆಂದೇ ಬಿಟ್ಟಿದ್ದರೋ ಏನೋ, ನಾನು ಕೇಳಲಿಲ್ಲ.

ಜಾಗ ಇದೆ, ಕೆಲಸ ಸುಲಭ ಅಂದುಕೊಂಡೆ. ಅಜ್ಜಿಯ ಒಂದು ಒಳ್ಳೆಯ ಚಿತ್ರ ಆರಿಸಿ, ಅಂಚು ಕತ್ತರಿಸಿ, ಅಜ್ಜನ ಪಕ್ಕ ಕೂರಿಸಿ, ಕಾಲಡಿಗೆ ಮಬ್ಬಾದ ಒಂದು ಕಪ್ಪು ಮೊಟ್ಟೆಯಾಕಾರ ಬಳಿದು ಪ್ರಿಂಟ್ ಹಾಕಿಬಿಟ್ಟೆ. ಮುಖ ಚೆನ್ನಾಗಿತ್ತು, ಬಣ್ಣ ಹೊಂದಿತ್ತು. ಆದರೂ ಐವತ್ತು ವರ್ಷ ಜೊತೆಗಿದ್ದ ಕಣ್ಣಿಗೆ ಹೆಂಡತಿ ನೆಲದ ಮೇಲಿಲ್ಲ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಯಿತು. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಹದಿನೈದು ದಿನ ಟೈಮು ಕೇಳಿದೆ.

ಇಲ್ಲದವರನ್ನು ಗುಂಪಿನ ಚಿತ್ರಕ್ಕೆ ಸೇರಿಸುವುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಕೆಲಸವಲ್ಲ. 1865ರಲ್ಲಿ ಅಮೆರಿಕದ ಮ್ಯಾಥ್ಯೂ ಬ್ರೇಡಿಯ ಸ್ಟುಡಿಯೊದಲ್ಲಿ ಜನರಲ್ ಶರ್ಮನ್ ತನ್ನ ಸೇನಾಧಿಕಾರಿಗಳ ಜೊತೆ ಕೂತು ಫೋಟೊ ತೆಗೆಸಿಕೊಂಡಾಗ ಫ್ರಾನ್ಸಿಸ್ ಬ್ಲೇರ್ ಎಂಬ ಅಧಿಕಾರಿ ಅಲ್ಲಿರಲಿಲ್ಲ. ಆಮೇಲೆ ಅವರ ಬೇರೆ ಚಿತ್ರವೊಂದನ್ನು ಬಲತುದಿಗೆ ಸೇರಿಸಿದರು. ಬ್ಲೇರ್ ಇಲ್ಲದ್ದು, ಇರುವುದು, ಎರಡೂ ಚಿತ್ರಗಳು ಇಂದಿಗೂ ಉಳಿದಿವೆ. ಸ್ಟುಡಿಯೊದ ಒಳಗೆ ಮೆದುವಾದ ಬೆಳಕು. ನೆಲದ ಮೇಲೆ ಗಟ್ಟಿ ನೆರಳು ಬೀಳುವ ಪ್ರಮೇಯವೇ ಇರಲಿಲ್ಲ. ನನ್ನ ಮುಂದಿದ್ದ ಚಿತ್ರ ಹಾಗಲ್ಲ. ನವೆಂಬರ್ ಕೊನೆ, ಬೆಳಿಗ್ಗೆ ಒಂಬತ್ತೂವರೆ, ಮೋಡವಿಲ್ಲದ ಆಕಾಶ. ಮನೆ ಪೂರ್ವಕ್ಕೆ ಮುಖ, ಅಂಗಳಕ್ಕೆ ಚಪ್ಪಡಿ ಕಲ್ಲು, ಹಿಂದೆ ಮೂರಡಿ ಎತ್ತರದ ಜಗಲಿ. ಫೋಟೊ ತೆಗೆದವರ ಬೆನ್ನ ಹಿಂದೆ, ಎಡಗಡೆಯಿಂದ ಬಿಸಿಲು. ಪ್ರತಿಯೊಬ್ಬರ ನೆರಳೂ ಬಲಕ್ಕೆ ವಾಲಿ ಹಿಂದಕ್ಕೆ ಸಾಗಿ ಜಗಲಿಯ ಗೋಡೆಯನ್ನು ಹತ್ತಿತ್ತು.

ಎರಡನೆಯ ಸಲ ನಾನು ಮುಖದಿಂದ ಶುರು ಮಾಡಲಿಲ್ಲ. ಮೊದಲು ಮಾಡಿದ್ದು ಆ ಚಿತ್ರ ತೆಗೆದ ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಅನ್ನುವುದನ್ನು ಪತ್ತೆ ಹಚ್ಚುವ ಕೆಲಸ. ಇದು ಗೊತ್ತಾದರೆ ಸೇರಿಸುವ ವ್ಯಕ್ತಿಯ ಅಳತೆಯನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಿಯೇ ಹೇಳಬಹುದು.

ಸಮತಟ್ಟಾದ ನೆಲದಲ್ಲಿ ನಿಂತು ದೂರಕ್ಕೆ ನೋಡಿದರೆ ದಿಗಂತ ನಮ್ಮ ಕಣ್ಣಿನ ಎತ್ತರಕ್ಕೇ ಕಾಣುತ್ತದೆ. ಕ್ಯಾಮೆರಾಕ್ಕೂ ಹಾಗೆಯೇ. ಕ್ಯಾಮೆರಾ ನೆಲದಿಂದ ನಾಲ್ಕೂವರೆ ಅಡಿ ಮೇಲಿದ್ದರೆ, ಅದೇ ನೆಲದ ಮೇಲೆ ನಿಂತ ಯಾರನ್ನೇ ನೋಡಿ, ಹತ್ತಿರ ಇರಲಿ ದೂರ ಇರಲಿ, ದಿಗಂತದ ಗೆರೆ ಅವರ ಮೈಯನ್ನು ನಾಲ್ಕೂವರೆ ಅಡಿ ಎತ್ತರದಲ್ಲೇ ಹಾದುಹೋಗುತ್ತದೆ. ಎತ್ತರದವರಿಗೆ ಎದೆಯ ಮೇಲೆ, ಕುಳ್ಳಗಿನವರಿಗೆ ಕಣ್ಣಿನ ಮೇಲೆ, ಮಕ್ಕಳಿಗೆ ನೆತ್ತಿಯಾಚೆ. ಈ ಒಂದು ಸಂಗತಿ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಆದರೆ ಹಿಂದೆ ಮನೆ ಇರುವ ಚಿತ್ರದಲ್ಲಿ ದಿಗಂತ ಎಲ್ಲಿ ಕಾಣುತ್ತದೆ? ಚಪ್ಪಡಿ ಕಲ್ಲುಗಳು ಹೇಳುತ್ತವೆ. ಕ್ಯಾಮೆರಾದಿಂದ ದೂರ ಸರಿಯುವ ಎರಡು ಕಲ್ಲಿನ ಸಂದುಗಳ ಮೇಲೆ ಗೆರೆ ಎಳೆದು ಮೇಲಕ್ಕೆ ಬೆಳೆಸಿದೆ. ನಿಜದಲ್ಲಿ ಅವು ಎಂದೂ ಕೂಡದ ಗೆರೆಗಳು. ಚಿತ್ರದಲ್ಲಿ ಮಾತ್ರ ರೈಲು ಹಳಿಯಂತೆ ಒಂದು ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನ ಮೂಲಕ ಅಡ್ಡಗೆರೆ ಎಳೆದರೆ ಅದೇ ದಿಗಂತ. ಚಿತ್ರ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರದ್ದು. ದಿಗಂತ ಮೇಲಿನಿಂದ 1500ನೆಯ ಪಿಕ್ಸೆಲ್‌ನಲ್ಲಿ ಬಂತು. ಅಜ್ಜನ ಪಾದ 3300ರಲ್ಲಿ, ನೆತ್ತಿ 1167ರಲ್ಲಿ. ಅಂದರೆ ಅಜ್ಜ ಚಿತ್ರದಲ್ಲಿ 2133 ಪಿಕ್ಸೆಲ್ ಎತ್ತರ, ಪಾದದಿಂದ ದಿಗಂತಕ್ಕೆ 1800 ಪಿಕ್ಸೆಲ್. ಅಜ್ಜನನ್ನು ಅಂಗಡಿಯ ಬಾಗಿಲಿಗೆ ಒರಗಿಸಿ ನಿಲ್ಲಿಸಿ ಟೇಪು ಹಿಡಿದಾಗ ಬಂದದ್ದು 5 ಅಡಿ 4 ಇಂಚು, ಅಂದರೆ 64 ಇಂಚು. ಅದೇ ಪ್ರಮಾಣದಲ್ಲಿ 1800 ಪಿಕ್ಸೆಲ್ ಅಂದರೆ 54 ಇಂಚು. ಕ್ಯಾಮೆರಾ ನಾಲ್ಕೂವರೆ ಅಡಿ ಎತ್ತರದಲ್ಲಿತ್ತು.

ಅಜ್ಜಿಯ ಎತ್ತರ 4 ಅಡಿ 10 ಇಂಚು, 58 ಇಂಚು. ಇದನ್ನು ಹೇಳಿದವಳು ಮೊಮ್ಮಗಳು. ಅಜ್ಜಿ ಹೋಗುವ ಮುಂಚೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಅಳೆದುಕೊಂಡಿದ್ದರಂತೆ. ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಳೆಯ ಮನೆಯಲ್ಲಿ ಇನ್ನೂ ಇತ್ತು.

ಅಜ್ಜಿಯನ್ನು ಅಜ್ಜನ ಸಾಲಿಗೇ ಸರಿಯಾಗಿ ನಿಲ್ಲಿಸದೆ ಅರ್ಧ ಅಡಿ ಹಿಂದೆ ನಿಲ್ಲಿಸೋಣ ಅಂದುಕೊಂಡೆ. ಹೀಗೆ ಮಾಡಿದರೆ ಅಜ್ಜನ ತೋಳು ಅಜ್ಜಿಯ ಮೈಯ ಒಂದಿಷ್ಟನ್ನು ಮರೆಮಾಡುತ್ತದೆ. ಒಬ್ಬರ ಮುಂದೆ ಒಬ್ಬರು ತುಸು ಬಂದಾಗಲೇ ಅವರು ಒಂದೇ ಜಾಗದಲ್ಲಿದ್ದಾರೆ ಎಂದು ಕಣ್ಣು ಒಪ್ಪುವುದು. ಅಂಚಿಗೆ ಅಂಚು ತಾಗದಂತೆ ಬಿಡಿಯಾಗಿ ನಿಲ್ಲಿಸಿದವರು ರಟ್ಟಿನ ಬೊಂಬೆಯಂತೆ ಕಾಣುತ್ತಾರೆ. ಅರ್ಧ ಅಡಿ ಹಿಂದೆ ಅಂದರೆ ಈ ಚಿತ್ರದಲ್ಲಿ ಪಾದ 50 ಪಿಕ್ಸೆಲ್ ಮೇಲೆ, 3250ರಲ್ಲಿ. ಅಲ್ಲಿಂದ ದಿಗಂತಕ್ಕೆ 1750. ಆ ಜಾಗದಲ್ಲಿ 1750 ಪಿಕ್ಸೆಲ್ ಅಂದರೆ 54 ಇಂಚು. ಹಾಗಾದರೆ ಅಜ್ಜಿ ಎಷ್ಟು ಎತ್ತರ ಬರಬೇಕು?

```
1750 × 58 ÷ 54 = 1880 ಪಿಕ್ಸೆಲ್
```

ನೆತ್ತಿ 1370ರಲ್ಲಿ ಬಂತು. ಒಂದು ವೇಳೆ ಅಜ್ಜನ ಸಾಲಿಗೇ ನಿಲ್ಲಿಸಿದ್ದರೂ ನೆತ್ತಿ ಬರುತ್ತಿದ್ದುದು 1367ರಲ್ಲಿ, ಮೂರೇ ಪಿಕ್ಸೆಲ್ ವ್ಯತ್ಯಾಸ. ನನ್ನ ಮೊದಲ ತಪ್ಪು ಇಲ್ಲೇ ಅಡಗಿತ್ತು. ಕ್ಯಾಮೆರಾ ಹೆಚ್ಚುಕಡಿಮೆ ಕಣ್ಣಿನ ಎತ್ತರದಲ್ಲಿದ್ದಾಗ, ಜನ ಹಿಂದೆ ಸರಿದರೆ ತಲೆ ಇದ್ದಲ್ಲೇ ಇರುತ್ತದೆ, ಪಾದ ಮಾತ್ರ ಮೇಲೇರುತ್ತದೆ. ನಾವು ಮುಖ ನೋಡಿ ಅಳತೆ ಮಾಡುತ್ತೇವೆ; ತಲೆ ಸರಿಯಾದ ಜಾಗದಲ್ಲಿದೆ ಎಂದು ಸಮಾಧಾನಪಡುತ್ತೇವೆ. ಮೊದಲ ಪ್ರಿಂಟಿನಲ್ಲಿ ಅಜ್ಜಿಯ ತಲೆ ಸರಿ ಇತ್ತು, ಪಾದ ಮಾತ್ರ ಇರಬೇಕಾದ ಕಡೆಯಿಂದ ಎಂಬತ್ತು ಪಿಕ್ಸೆಲ್ ಮೇಲಿತ್ತು. ನೆಲದ ಲೆಕ್ಕದಲ್ಲಿ ಅದು ಇನ್ನೂ ಮುಕ್ಕಾಲು ಅಡಿಗಿಂತ ಹೆಚ್ಚು ಹಿಂದಿನ ಜಾಗ. ಅಜ್ಜನ ಪಕ್ಕ ಮೈ ತಾಗುವಂತೆ ನಿಂತವರ ಪಾದ ಅಷ್ಟು ಹಿಂದಿನ ಕಲ್ಲಿನ ಮೇಲಿದ್ದರೆ, ನೋಡುವ ಕಣ್ಣಿಗೆ ಅದು ಎತ್ತಿ ಹಿಡಿದಂತೆಯೇ.

ಈ ಲೆಕ್ಕ ಸಮತಟ್ಟಾದ ನೆಲಕ್ಕೆ ಮಾತ್ರ. ಮೆಟ್ಟಿಲ ಮೇಲೆ ನಿಂತವರಿಗೆ ಮೆಟ್ಟಿಲಿನ ಎತ್ತರ ಕೂಡಿಸಿಕೊಳ್ಳಬೇಕು. ಫೋನಿನ ಅತಿ ಅಗಲದ ಲೆನ್ಸಿನಿಂದ ತೆಗೆದದ್ದಾದರೆ ಅಂಚಿನಲ್ಲಿರುವವರು ಅಡ್ಡಕ್ಕೆ ಹಿಗ್ಗಿರುತ್ತಾರೆ. ಅಲ್ಲಿ ಸೇರಿಸುವವರನ್ನೂ ಅಷ್ಟೇ ಹಿಗ್ಗಿಸದಿದ್ದರೆ ಹೊಂದುವುದಿಲ್ಲ.

ಇನ್ನು ಅಜ್ಜಿಯ ಯಾವ ಚಿತ್ರ ಆರಿಸುವುದು ಅನ್ನುವ ಪ್ರಶ್ನೆ. ಸೊಸೆ ಆರು ಚಿತ್ರ ತಂದಿದ್ದಳು. ಒಂದು ಆಧಾರ್‌ಗೆ ತೆಗೆಸಿದ ಪಾಸ್‌ಪೋರ್ಟ್ ಅಳತೆಯದು. ಎರಡು ಮದುವೆಮನೆಯಲ್ಲಿ ಕುರ್ಚಿಯ ಮೇಲೆ ಕೂತದ್ದು. ತೆಗೆದವರು ನಿಂತು ತೆಗೆದಿದ್ದರಿಂದ ಅಜ್ಜಿಯ ನೆತ್ತಿ, ಬೈತಲೆ ಎಲ್ಲ ಕಾಣುತ್ತಿತ್ತು. ಮೇಲಿನಿಂದ ನೋಡಿದ ಮುಖವನ್ನು ಎದುರಿನಿಂದ ನೋಡಿದ ಗುಂಪಿಗೆ ಹೊಂದಿಸಲು ಯಾವ ಉಪಾಯವೂ ಇಲ್ಲ. ಒಂದು ಮೊಮ್ಮಗನ ಸೆಲ್ಫಿ. ತೋಳಳತೆಯ ದೂರದಿಂದ ತೆಗೆದದ್ದರಿಂದ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಸರಿದಿತ್ತು.

ಐದನೆಯದು ಎಲ್ಲರಿಗೂ ಇಷ್ಟವಾದದ್ದು. ತೆಂಗಿನ ತೋಟದಲ್ಲಿ ಅಜ್ಜಿ ನಗುತ್ತಾ ನಿಂತಿದ್ದಾರೆ, ಸಂಜೆ ಬಿಸಿಲು, ಅಡಿಯಿಂದ ಮುಡಿಯವರೆಗೆ ಪೂರ್ತಿ ಕಾಣುತ್ತಾರೆ. ಆದರೆ ಬೆಳಕು ಬಲದಿಂದ ಬಿದ್ದಿದೆ. ಮೊದಲ ಸಲ ನಾನು ಇದನ್ನೇ ಎಡಬಲ ತಿರುಗಿಸಿ ಬಳಸಿದ್ದೆ. ಬೆಳಕು ಸರಿಹೋಯಿತು, ಸೆರಗು ಬಲಭುಜಕ್ಕೆ ಹೋಯಿತು. ನಮ್ಮ ಕಡೆ ಯಾವ ಅಜ್ಜಿಯೂ ಬಲಭುಜದ ಮೇಲೆ ಸೆರಗು ಹೊದೆಯುವುದಿಲ್ಲ. ಗಂಡಸರ ಚಿತ್ರವಾದರೆ ಅಂಗಿಯ ಜೇಬು ಬಲಕ್ಕೆ ಬರುತ್ತದೆ, ಜನಿವಾರ ಅಡ್ಡತಿಡ್ಡವಾಗುತ್ತದೆ, ಕೈಗಡಿಯಾರ ಕೈ ಬದಲಿಸುತ್ತದೆ. ಇವೆಲ್ಲ ತಿದ್ದಬಹುದು ಅನ್ನಿ. ಮುಖ ಮಾತ್ರ ತಿದ್ದಲಾಗದು. ಯಾರ ಮುಖವೂ ಎಡಬಲ ಒಂದೇ ಸಮ ಇರುವುದಿಲ್ಲ. ತಿರುಗಿಸಿದ ಮುಖ ಮನೆಯವರಿಗೆ ಅವರದೇ ಅನ್ನಿಸುತ್ತದೆ, ಆದರೂ ಏನೋ ಬೇರೆ ಅನ್ನಿಸುತ್ತದೆ.

ಆರನೆಯದು ಊರ ಜಾತ್ರೆಯ ಬೆಳಿಗ್ಗೆ ಗುಡಿಯ ಮುಂದೆ ಅಜ್ಜಿ ಬರಿಗಾಲಲ್ಲಿ ನಿಂತದ್ದು. ನಗು ಇಲ್ಲ, ಕೈಯಲ್ಲಿ ಹಣ್ಣುಕಾಯಿ ತಟ್ಟೆ. ಬೆಳಕು ಎಡದಿಂದ, ಮೂಗಿನ ನೆರಳು ಎಡಗೆನ್ನೆಯ ಕಡೆ ಇಳಿದಿದೆ, ಗಲ್ಲದ ನೆರಳು ಕತ್ತಿನ ಮೇಲೆ ಎರಡು ಬೆರಳು ಇಳಿದಿದೆ. ಗೃಹಪ್ರವೇಶದ ಚಿತ್ರದಲ್ಲಿ ಅಜ್ಜನ ಮುಖದ ನೆರಳೂ ಹಾಗೇ ಇತ್ತು. ಗುಡಿಯ ಹಾಸುಗಲ್ಲಿನ ಗೆರೆ ಹಿಡಿದು ದಿಗಂತ ಹುಡುಕಿದೆ. ಅದು ಅಜ್ಜಿಯ ಕಣ್ಣಿನ ಮಟ್ಟದಲ್ಲಿ ಹಾಯಿತು. ಹೊಸ ಚಿತ್ರದಲ್ಲೂ 54 ಇಂಚು ಅಂದರೆ ಅಜ್ಜಿಯ ಕಣ್ಣಿನ ಮಟ್ಟವೇ. ಎರಡೂ ಕ್ಯಾಮೆರಾ ಅಜ್ಜಿಯನ್ನು ಒಂದೇ ಎತ್ತರದಿಂದ ನೋಡಿದ್ದವು. ಇಷ್ಟು ಕೂಡಿಬರುವುದು ಅಪರೂಪ. ನಗುವನ್ನು ಬಿಟ್ಟುಕೊಡಬೇಕಾಯಿತು, ಮನೆಯವರಿಗೆ ಕಾರಣ ಹೇಳಿದಾಗ ಒಪ್ಪಿದರು. ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬಂದು ಕುಗ್ಗಿಹೋಗಿತ್ತು. ತೆಗೆದ ಫೋನು ಇನ್ನೂ ಇತ್ತು. ಮೂಲ ಫೈಲನ್ನೇ ಕೇಬಲ್ ಹಾಕಿ ತೆಗೆದುಕೊಂಡೆ. ಅದರಲ್ಲಿ ಅಜ್ಜಿ 2300 ಪಿಕ್ಸೆಲ್ ಎತ್ತರ ಇದ್ದರು. ನನಗೆ ಬೇಕಿದ್ದದ್ದು 1880. ಹಿಗ್ಗಿಸುವ ಅಗತ್ಯ ಬೀಳಲಿಲ್ಲ. ವಾಟ್ಸ್ಆ್ಯಪ್‌ನ ಪ್ರತಿಯಲ್ಲಿ ಅವರು ಸಾವಿರದ ಆಸುಪಾಸಿಗೆ ಇಳಿದಿದ್ದರು. ಅದನ್ನೇ ಹಿಗ್ಗಿಸಿ ನಿಲ್ಲಿಸಿದ್ದರೆ ಅಜ್ಜನ ಅಂಗಿಯ ನೇಯ್ಗೆ ಕಾಣುತ್ತಾ ಪಕ್ಕದ ಅಜ್ಜಿಯ ಮೈ ಮೇಣದಂತೆ ನುಣುಪಾಗಿರುತ್ತಿತ್ತು.

ಈಗ ನೆರಳು. ಇದನ್ನು ಕುರಿತು ಎರಡು ಪ್ರಯೋಗಗಳನ್ನು ನೆನೆಯಬೇಕು. ಅಮೆರಿಕದ ಡೇನಿಯಲ್ ಕರ್ಸ್ಟನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಒಂದು ಸಣ್ಣ ಚಲನಚಿತ್ರ ಮಾಡಿದರು. ಪೆಟ್ಟಿಗೆಯೊಳಗೆ ಒಂದು ಚೆಂಡು ಓರೆಯಾಗಿ ಸಾಗುತ್ತದೆ. ಎರಡು ಸಲ ತೋರಿಸುವಾಗಲೂ ಚೆಂಡಿನ ದಾರಿ ಒಂದೇ. ನೆರಳು ಚೆಂಡಿಗೆ ಅಂಟಿಕೊಂಡೇ ಹೋದರೆ ಚೆಂಡು ನೆಲದ ಮೇಲೆ ಹಿಂದಕ್ಕೆ ಉರುಳಿದಂತೆ ಕಾಣುತ್ತದೆ. ನೆರಳು ಚೆಂಡಿನಿಂದ ಕಳಚಿ ಕೆಳಗೇ ಉಳಿದರೆ ಅದೇ ಚೆಂಡು ಗಾಳಿಗೆ ಏರಿದಂತೆ ಕಾಣುತ್ತದೆ. ವಸ್ತು ನೆಲದ ಮೇಲಿದೆಯೋ ಇಲ್ಲವೋ ಎಂದು ನಮ್ಮ ಕಣ್ಣು ತೀರ್ಮಾನಿಸುವುದು ವಸ್ತುವನ್ನು ನೋಡಿ ಅಲ್ಲ, ವಸ್ತುವಿಗೂ ನೆರಳಿಗೂ ನಡುವಿನ ಸಂದನ್ನು ನೋಡಿ. ಇನ್ನೊಂದು, ನಕಲಿ ಚಿತ್ರಗಳನ್ನು ಪತ್ತೆ ಹಚ್ಚುವ ಹ್ಯಾನಿ ಫರೀದ್ ಮತ್ತು ಮೇರಿ ಬ್ರಾವೊ 2010ರಲ್ಲಿ ಪ್ರಕಟಿಸಿದ್ದು. ಒಂದು ಚಿತ್ರದಲ್ಲಿ ನೆರಳುಗಳ ದಿಕ್ಕು ಒಂದಕ್ಕೊಂದು ಹೊಂದುತ್ತವೆಯೇ ಎಂದು ಹೇಳುವುದರಲ್ಲಿ ನಮ್ಮ ಕಣ್ಣು ತುಂಬ ದುರ್ಬಲ ಎಂದು ಅವರು ಕಂಡರು.

ಎರಡನ್ನೂ ಜೊತೆಗಿಟ್ಟು ನೋಡಿದರೆ ನನ್ನಂಥವರಿಗೆ ದಾರಿ ಸಿಗುತ್ತದೆ. ಉದ್ದ ನೆರಳಿನ ದಿಕ್ಕು ತುಸು ಹೆಚ್ಚುಕಡಿಮೆ ಆದರೆ ನೋಡುವವರು ಕ್ಷಮಿಸುತ್ತಾರೆ. ಪಾದದ ಬುಡದಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಕ್ಷಮಿಸುವುದಿಲ್ಲ. ಹಾಗಾಗಿ ನಾನು ಬುಡದಿಂದ ಹೊರಟೆ.

ಬರಿಗಾಲು ನೆಲಕ್ಕೆ ಪೂರ್ತಿ ಒತ್ತಿಕೊಳ್ಳುವುದಿಲ್ಲ. ಹಿಮ್ಮಡಿ, ಬೆರಳುಗಳ ಬುಡ, ಬೆರಳ ತುದಿ ಮಾತ್ರ ತಾಗುತ್ತವೆ. ಒಳಬದಿಯ ಕಮಾನು ನೆಲದಿಂದ ಮೇಲಿರುತ್ತದೆ. ತಾಗುವ ಕಡೆ ಒಂದು ಸಣ್ಣ, ಚೂಪಾದ, ಬಹಳ ಕಪ್ಪಾದ ಗೆರೆ ಇರುತ್ತದೆ. ಅಲ್ಲಿಗೆ ಬಿಸಿಲೂ ತಲುಪುವುದಿಲ್ಲ, ಆಕಾಶದ ಬೆಳಕೂ ತಲುಪುವುದಿಲ್ಲ. ಈ ಚಿತ್ರದಲ್ಲಿ ಒಂದು ಇಂಚು ಅಂದರೆ ಸುಮಾರು 32 ಪಿಕ್ಸೆಲ್. ಅಜ್ಜನ ಹಿಮ್ಮಡಿಯನ್ನು ಪರದೆಯ ತುಂಬ ಹಿಗ್ಗಿಸಿ ನೋಡಿದಾಗ ಆ ಗೆರೆ ನಾಲ್ಕೈದು ಪಿಕ್ಸೆಲ್ ದಪ್ಪ ಇತ್ತು, ಬೆರಳುಗಳ ನಡುವೆ ಇನ್ನೂ ತೆಳುವಾಗಿ ತುಂಡುತುಂಡಾಗಿತ್ತು. ಅದರ ಸುತ್ತ ಒಂದಿಂಚು ಅಗಲಕ್ಕೆ ಮಸುಕಾದ ಕಪ್ಪು. ಪಾದ ಆಕಾಶದ ಬೆಳಕನ್ನು ತಡೆದು ಮಾಡಿದ ಕಪ್ಪು ಅದು. ಮೋಡ ಮುಸುಕಿದ ದಿನ ಉದ್ದ ನೆರಳು ಇಲ್ಲದಿದ್ದರೂ ಇವೆರಡು ಇದ್ದೇ ಇರುತ್ತವೆ. ಚಪ್ಪರದ ಕೆಳಗೆ ತೆಗೆದ ಚಿತ್ರದಲ್ಲಂತೂ ಇವೇ ಎಲ್ಲ.

ನಾನು ಮೊದಲು ಬಳಿದಿದ್ದ ಮಬ್ಬು ಮೊಟ್ಟೆ ಎರಡನೆಯದರ ಕೆಲಸವನ್ನು ಅರ್ಧ ಮಾಡಿತ್ತು, ಮೊದಲನೆಯದನ್ನು ಮಾಡಿರಲೇ ಇಲ್ಲ. ಈಗ ಬೇರೆ ಬೇರೆ ಪದರಗಳಲ್ಲಿ, ಸಣ್ಣ ಬ್ರಷ್ಷಿನಿಂದ, ಅಜ್ಜನ ಪಾದವನ್ನು ನೋಡಿಕೊಂಡು ಅಜ್ಜಿಯ ಪಾದದ ಗೆರೆ ಬರೆದೆ. ಹಿಮ್ಮಡಿಯ ಹಿಂದೆ ಇಳಿದ ಸೀರೆಯ ಅಂಚು ನೆಲವನ್ನು ಮುಟ್ಟಿಯೂ ಮುಟ್ಟದಂತಿತ್ತು. ಅಂಚು ತಾಗಿದ ಕಡೆ ಗೆರೆ ಕಪ್ಪು, ನೆರಿಗೆ ಎದ್ದ ಕಡೆ ಮಸುಕು. ಗುಡಿಯ ಚಿತ್ರದಲ್ಲಿ ಪಾದಕ್ಕೆ ಅಂಟಿ ಬಂದಿದ್ದ ಕೆಂಪು ಕುಂಕುಮದ ಪುಡಿಯನ್ನೂ ಅಳಿಸಬೇಕಾಯಿತು. ಹಳೆಯ ನೆಲದ ಚೂರು ಹೊಸ ನೆಲಕ್ಕೆ ಬಂದರೆ ಎಲ್ಲ ಬಯಲು.

ಉದ್ದ ನೆರಳಿಗಾಗಿ ಒಂದು ಭಾನುವಾರ ಅದೇ ಹೊತ್ತಿಗೆ ಆ ಮನೆಗೇ ಹೋದೆ. ಗೃಹಪ್ರವೇಶವಾಗಿ ಎರಡು ವಾರ ಕಳೆದಿತ್ತು. ಅಷ್ಟರಲ್ಲಿ ಸೂರ್ಯನ ದಾರಿ ಹೆಚ್ಚು ಬದಲಾಗುವುದಿಲ್ಲ. ಹದಿಮೂರು ವರ್ಷದ ಮೊಮ್ಮಗಳು ಈಗ ಸರಿಯಾಗಿ ಅಜ್ಜಿಯಷ್ಟೇ ಎತ್ತರ. ಸೊಸೆ ಪೆಟ್ಟಿಗೆಯಿಂದ ಅಜ್ಜಿಯ ಸೀರೆ ತೆಗೆದು ಉಡಿಸಿದಳು. ಅಜ್ಜ ತಮ್ಮ ಹಳೆಯ ಕಲ್ಲಿನ ಮೇಲೆ ಹೋಗಿ ನಿಂತರು, ಹುಡುಗಿ ಅವರ ಎಡಕ್ಕೆ ಅರ್ಧ ಅಡಿ ಹಿಂದೆ. ಕ್ಯಾಮೆರಾವನ್ನು ನಾಲ್ಕೂವರೆ ಅಡಿ ಎತ್ತರಕ್ಕೆ ಸ್ಟ್ಯಾಂಡಿನ ಮೇಲಿಟ್ಟು, ಕಲ್ಲಿನ ಸಂದುಗಳು ಹಳೆಯ ಚಿತ್ರದಂತೆಯೇ ಬರುವ ತನಕ ಹಿಂದೆ ಮುಂದೆ ಸರಿಸಿ ತೆಗೆದೆ.

ಆ ಚಿತ್ರ ಮೂರು ಸಂಗತಿ ಕಲಿಸಿತು. ನಾನು ಕೂತಲ್ಲೇ ಊಹಿಸಿ ಬರೆದಿದ್ದರೆ ಮೂರೂ ತಪ್ಪುತ್ತಿದ್ದವು.

ಅಜ್ಜಿ ಅಜ್ಜನಿಗಿಂತ ಅರ್ಧ ಅಡಿ ಕುಳ್ಳು, ಹಾಗಾಗಿ ಜಗಲಿಯ ಗೋಡೆಯ ಮೇಲೆ ಅವರ ನೆರಳಿನ ತಲೆಯೂ ಅಜ್ಜನದಕ್ಕಿಂತ ತಗ್ಗಿನಲ್ಲಿರುತ್ತದೆ ಎಂದುಕೊಂಡಿದ್ದೆ. ಆದರೆ ಎರಡೂ ಒಂದೇ ಎತ್ತರದಲ್ಲಿದ್ದವು, ನೆಲದಿಂದ ಎರಡೂಕಾಲು ಅಡಿಯ ಹತ್ತಿರ. ಕಾರಣ, ಅಜ್ಜಿಯ ಜಾಗ ಗೋಡೆಗೆ ಅರ್ಧ ಅಡಿ ಹತ್ತಿರ. ಆ ಹೊತ್ತಿನ ಬಿಸಿಲಿನ ಓರೆಗೆ ಗೋಡೆಯ ಕಡೆ ಒಂದಡಿ ಸರಿದರೆ ನೆರಳು ಹೆಚ್ಚುಕಡಿಮೆ ಒಂದಡಿಯೇ ಮೇಲೇರುತ್ತದೆ. ಎತ್ತರದಲ್ಲಿ ಕಳೆದುಕೊಂಡದ್ದು ಜಾಗದಲ್ಲಿ ಮರಳಿ ಬಂದಿತ್ತು.

ಎರಡನೆಯದು ನೆರಳಿನ ಆಕಾರ. ನೆಲದ ಮೇಲೆ ಓರೆಯಾಗಿ ಬಲಕ್ಕೆ ಓಡುವ ನೆರಳು ಗೋಡೆ ತಾಗಿದ ತಕ್ಷಣ ನೆಟ್ಟಗೆ ನಿಲ್ಲುತ್ತದೆ. ಬಹಳ ಜನ ಮನುಷ್ಯನ ಆಕೃತಿಯನ್ನೇ ಕಪ್ಪಾಗಿಸಿ ಒಂದೇ ಓರೆಯಲ್ಲಿ ಮಲಗಿಸಿಬಿಡುತ್ತಾರೆ. ಅದು ಗೋಡೆಯನ್ನೂ ನೆಲವನ್ನೂ ಒಂದೇ ಹಾಳೆ ಮಾಡಿದಂತೆ. ಜೊತೆಗೆ, ನೆರಳು ಸೂರ್ಯ ಕಂಡ ಆಕೃತಿ, ಕ್ಯಾಮೆರಾ ಕಂಡದ್ದಲ್ಲ. ಕೈಯಲ್ಲಿ ಹಿಡಿದ ತಟ್ಟೆ ಕ್ಯಾಮೆರಾಕ್ಕೆ ಹೊಟ್ಟೆಯ ಮುಂದೆ ಕಂಡರೆ ಸೂರ್ಯನಿಗೆ ಮಗ್ಗುಲಿನಲ್ಲಿ ಕಾಣುತ್ತದೆ. ಮೊಮ್ಮಗಳ ಕೈಗೂ ಒಂದು ಹಣ್ಣುಕಾಯಿ ತಟ್ಟೆ ಕೊಟ್ಟು ಇನ್ನೊಂದು ಚಿತ್ರ ತೆಗೆದೆ.

ಮೂರನೆಯದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಜ್ಜನ ನೆರಳು ಹುಡುಗಿಯ ಬಲತೋಳಿನ ಮೇಲೆ ನಾಲ್ಕು ಬೆರಳಗಲ ಬಿದ್ದಿತ್ತು. ಹೊಸದಾಗಿ ಬಂದವರು ನೆಲಕ್ಕೆ ನೆರಳು ಕೊಟ್ಟರೆ ಸಾಲದು, ಪಕ್ಕದವರ ನೆರಳನ್ನು ಮೈಮೇಲೆ ತೆಗೆದುಕೊಳ್ಳಲೂಬೇಕು. ಗುಡಿಯ ಮುಂದೆ ಒಬ್ಬರೇ ನಿಂತಿದ್ದ ಅಜ್ಜಿಯ ತೋಳಿನ ಮೇಲೆ ಅಂಥ ನೆರಳು ಎಲ್ಲಿಂದ ಬರಬೇಕು? ರವಿಕೆಯ ತೋಳಿನಿಂದ ಮೊಣಕೈವರೆಗೆ ಅದನ್ನು ಬರೆದೆ. ಇಡೀ ಕೆಲಸದಲ್ಲಿ ಅತಿ ಚಿಕ್ಕದು ಅದೇ. ಆದರೆ ಇಬ್ಬರನ್ನೂ ಒಂದೇ ಬಿಸಿಲಿನಲ್ಲಿ ನಿಲ್ಲಿಸಿದ್ದು ಅದೇ ಎಂದು ಇಂದಿಗೂ ನಂಬುತ್ತೇನೆ.

ನೆರಳಿನ ಬಣ್ಣ ಕಪ್ಪಲ್ಲ. ಬಿಸಿಲು ತಲುಪದ ಕಡೆಗೂ ನೀಲಿ ಆಕಾಶದ ಬೆಳಕು ತಲುಪುತ್ತದೆ. ಆದ್ದರಿಂದ ಬಯಲಿನ ನೆರಳಿಗೆ ತುಸು ನೀಲಿ ಛಾಯೆ. ಇದನ್ನು ಅಂದಾಜು ಮಾಡಬೇಕಾಗಿಲ್ಲ, ಚಿತ್ರದಲ್ಲೇ ಇದೆ. ಬಿಸಿಲಲ್ಲಿದ್ದ ಚಪ್ಪಡಿಯ ಕೆಂಪು, ಹಸಿರು, ನೀಲಿ ಅಂಕಿಗಳು 190, 180, 165 ಇದ್ದವು. ಅದೇ ಕಲ್ಲಿನ ಮೇಲೆ ಅಜ್ಜನ ನೆರಳು ಬಿದ್ದ ಕಡೆ 72, 76, 82. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 255ರಿಂದ ಗುಣಿಸಿದರೆ 97, 108, 127 ಬರುತ್ತದೆ. ಒಂದು ಬಗೆಯ ಬೂದುನೀಲಿ. ಪದರದ ವಿಧಾನವನ್ನು Multiply ಎಂದು ಬದಲಿಸಿ, ನೆರಳಿನ ಆಕಾರಕ್ಕೆ ಈ ಬಣ್ಣ ತುಂಬಿದರೆ ಕಲ್ಲಿನ ಕಲೆ, ಸಂದು, ರಂಗೋಲಿಯ ಪುಡಿ ಎಲ್ಲ ಅದರಡಿ ಹಾಗೇ ಕಾಣುತ್ತವೆ. ಫೋಟೊಶಾಪ್‌ನಲ್ಲೂ ಆಗುತ್ತದೆ, ಬಿಟ್ಟಿ ಸಿಗುವ ಜಿಂಪ್‌ನಲ್ಲೂ ಆಗುತ್ತದೆ. ಹೊಸ ನೆರಳು ಅಜ್ಜನ ನೆರಳಿನ ಮೇಲೆ ಹಾಯುವ ಕಡೆ ಮಾತ್ರ ಅಳಿಸಬೇಕು. ಒಂದೇ ಸೂರ್ಯ ಇರುವಾಗ ನೆರಳಿನ ಮೇಲೆ ನೆರಳು ಬಿದ್ದರೆ ಇನ್ನಷ್ಟು ಕಪ್ಪಾಗುವುದಿಲ್ಲ.

ಅಂಚಿನ ಮಾತೂ ಇದೆ. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದರಿಂದ ನೆರಳಿನ ಅಂಚು ವಸ್ತುವಿನಿಂದ ದೂರವಾದಷ್ಟೂ ಮಸುಕಾಗುತ್ತದೆ. ಮಸುಕಿನ ಅಗಲ ದೂರದ ನೂರರಲ್ಲಿ ಒಂದು ಪಾಲಿನಷ್ಟು ಎಂದಿಟ್ಟುಕೊಳ್ಳಬಹುದು. ಅಜ್ಜಿಯ ತಲೆಯಿಂದ ಗೋಡೆಯ ಮೇಲಿನ ನೆರಳಿಗೆ ನಾಲ್ಕಡಿ ದೂರ. ಅಂಚು ಅರ್ಧ ಇಂಚಿಗೆ ತುಸು ಕಡಿಮೆ ಮಸುಕಾಗಬೇಕು, ಚಿತ್ರದಲ್ಲಿ ಹನ್ನೆರಡು ಹದಿಮೂರು ಪಿಕ್ಸೆಲ್. ಪಾದದ ಬಳಿ ಒಂದು ಪಿಕ್ಸೆಲ್ಲೂ ಬೇಡ. ಇಡೀ ನೆರಳಿಗೆ ಒಂದೇ ಸಮನಾಗಿ Gaussian Blur ಹಾಕುವುದು ನಮ್ಮ ಕಸುಬಿನಲ್ಲಿ ದಿನಾ ಕಾಣುವ ತಪ್ಪು. ಹಾಗೆ ಮಾಡಿದರೆ ಬುಡ ಸಡಿಲವಾಗಿ ಮನುಷ್ಯ ಮತ್ತೆ ಮೇಲೇಳುತ್ತಾನೆ.

ಉಳಿದ ಕೆಲಸ ಬೇಗ ಮುಗಿಯಿತು. ಜಾತ್ರೆಯ ಚಿತ್ರ ಇನ್ನೂ ಮುಂಜಾನೆಯದು, ಬಿಸಿಲು ಹಳದಿ. ಅಜ್ಜಿಯ ತಲೆಯ ಬಿಳಿಗೂದಲನ್ನು ಅಜ್ಜನ ಬಿಳಿ ಪಂಚೆಯ ಜೊತೆ ಹೋಲಿಸಿ ಬಣ್ಣ ತಗ್ಗಿಸಿದೆ. ಆಮೇಲೆ ಇಡೀ ಚಿತ್ರವನ್ನು ಕಪ್ಪು ಬಿಳುಪು ಮಾಡಿ ಇಬ್ಬರ ಗಲ್ಲದ ಕೆಳಗಿನ ಕಪ್ಪು ಒಂದೇ ಸಮ ಇದೆಯೇ ನೋಡಿದೆ. ಬಣ್ಣ ಕಣ್ಣನ್ನು ಸಮಾಧಾನ ಮಾಡಿಬಿಡುತ್ತದೆ. ಬಣ್ಣ ತೆಗೆದರೆ ಬೆಳಕಿನ ತಪ್ಪು ಎದ್ದು ಕಾಣುತ್ತದೆ.

ಕೊನೆಯಲ್ಲಿ ಫರೀದ್ ಅಂಥವರು ನಕಲಿ ಹಿಡಿಯಲು ಬಳಸುವ ಪರೀಕ್ಷೆಯನ್ನೇ ನನ್ನ ಕೆಲಸಕ್ಕೆ ಹಾಕಿದೆ. ಪ್ರತಿಯೊಬ್ಬರ ನೆತ್ತಿಯಿಂದ ಅವರ ನೆರಳಿನ ನೆತ್ತಿಗೆ ನೇರ ಗೆರೆ ಎಳೆದು ಮುಂದಕ್ಕೆ ಬೆಳೆಸಬೇಕು. ನಿಜವಾದ ಚಿತ್ರವಾದರೆ ಎಲ್ಲ ಗೆರೆಗಳೂ ಒಂದೇ ಬಿಂದುವಿಗೆ ಹೋಗಿ ಸೇರುತ್ತವೆ. ಸೂರ್ಯ ಬೆನ್ನ ಹಿಂದೆ ಇದ್ದಾಗ ಆ ಬಿಂದು ಅಂದರೆ ಕ್ಯಾಮೆರಾದ್ದೇ ನೆರಳು ಬೀಳಬೇಕಾದ ಕಡೆ. ನಮ್ಮ ಚಿತ್ರದಲ್ಲಿ ಅದು ಬಲ ಕೆಳಮೂಲೆಯ ಆಚೆ, ಚೌಕಟ್ಟಿನಿಂದ ಬಹಳ ಹೊರಗೆ. ಹಾಳೆಯನ್ನು ದೊಡ್ಡದು ಮಾಡಿಕೊಂಡು ಮನೆಯವರ ಗೆರೆಗಳನ್ನು ಒಂದೊಂದಾಗಿ ಎಳೆದೆ, ಕೂಡಿದವು. ಅಜ್ಜಿಯ ಗೆರೆ ಎರಡು ಬೆರಳಷ್ಟು ಆಚೆ ಹೋಯಿತು. ಗೋಡೆಯ ಮೇಲಿನ ತಲೆಯನ್ನು ಸ್ವಲ್ಪ ಬಲಕ್ಕೆ ಸರಿಸಿದ ಮೇಲೆ ಅದೂ ಬಂದು ಸೇರಿತು.

ಯಾರೇ ಇಂಥ ಕೆಲಸ ತಂದರೂ ಈಗ ಮೊದಲೇ ಹೇಳಿಬಿಡುತ್ತೇನೆ: ಪಾಸ್‌ಪೋರ್ಟ್ ಚಿತ್ರ ಒಂದೇ ಇದ್ದರೆ, ಫ್ಲ್ಯಾಶ್ ಹೊಡೆದ ಮುಖವನ್ನು ಬಿಸಿಲಿನ ಗುಂಪಿಗೆ ಹಾಕಬೇಕೆಂದರೆ, ನಿಂತ ಸಾಲಿಗೆ ಸೇರಿಸುವುದು ಬೇಡ. ಮೆದುವಾದ ಬೆಳಕಿನ ಬೇರೆ ಗುಂಪು ಚಿತ್ರ ಇದ್ದರೆ ತನ್ನಿ. ಹಿಂದಿನ ಸಾಲಿನಲ್ಲಿ, ಎದೆಯಿಂದ ಕೆಳಗೆ ಮುಂದಿನವರು ಮರೆಮಾಡುವಂತೆ ನಿಲ್ಲಿಸೋಣ. ಪಾದವೇ ಕಾಣದಿದ್ದರೆ ಪಾದದ ನೆರಳಿನ ಚಿಂತೆಯೂ ಇಲ್ಲ. ಮೈಗೆ ಮನೆಯವರೇ ಯಾರಾದರೂ ಅವರ ಬಟ್ಟೆ ಉಟ್ಟು ನಿಂತರಾಯಿತು.

ಎರಡನೆಯ ಪ್ರಿಂಟನ್ನು ಅಜ್ಜನ ಕೈಗೆ ಕೊಟ್ಟಾಗ ಅವರು ಮುಖ ನೋಡುವ ಮೊದಲು ಕೆಳಗೆ ನೋಡಿದರು. ಪಾದ ನೋಡಿದರು, ಜಗಲಿಯ ಮೇಲೆ ಅಕ್ಕಪಕ್ಕ ನಿಂತ ಎರಡು ನೆರಳು ನೋಡಿದರು. “ತಟ್ಟೆ ಹಿಡ್ಕೊಂಡೇ ಬಂದವ್ಳೆ” ಅಂದರು.

ಚಿತ್ರದ ಹಿಂದೆ ನಾನು ಪೆನ್ಸಿಲ್‌ನಲ್ಲಿ ಗೃಹಪ್ರವೇಶದ ತಾರೀಕು ಬರೆದು, ಬಲತುದಿಯವರನ್ನು ಆಮೇಲೆ ಸೇರಿಸಿದ್ದು ಎಂದು ಬರೆದಿದ್ದೆ. ಹುಡುಗಿಯ ಮಕ್ಕಳು ಮುಂದೊಮ್ಮೆ ಲೆಕ್ಕ ಹಾಕಿ ಗೊಂದಲಕ್ಕೆ ಬೀಳಬಾರದಲ್ಲ. ಅಜ್ಜ ಅದನ್ನು ಸೊಸೆಯಿಂದ ಓದಿಸಿಕೊಂಡು ತಲೆಯಾಡಿಸಿದರು. ಆಮೇಲೆ ಮೊದಲಿನ ಚಿತ್ರ, ಪಕ್ಕದ ಜಾಗ ಖಾಲಿ ಇದ್ದದ್ದು, ಅದರದ್ದೂ ಒಂದು ಪ್ರತಿ ಬೇಕು ಎಂದರು. ಕೊಟ್ಟೆ. ಹೊಸದನ್ನು ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಹಾಕಿದ್ದಾರೆ. ಹಳೆಯದು ಅಜ್ಜಿಯ ಸೀರೆಗಳ ಪೆಟ್ಟಿಗೆಯಲ್ಲಿದೆಯಂತೆ.